ಬಲ್ಬ್ ದುರಸ್ತಿ ಕಾರ್ಯಾಗಾರದ ಕ್ಯಾಪ್ಷನ್ ಅನ್ನು ಬಿಚ್ಚಿ ಮತ್ತೆ ಜೋಡಿಸಿದ ದಾಖಲೆ

ನಮ್ಮ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಸಾರ್ವಜನಿಕರಿಗಾಗಿ ಎಲ್‌ಇಡಿ ಬಲ್ಬ್ ದುರಸ್ತಿಯ ಅರ್ಧ ದಿನದ ಕಾರ್ಯಾಗಾರವನ್ನು 2025ರಲ್ಲಿ ಎರಡು ಸಲ ನಡೆಸಿದೆವು. ಮಾರ್ಚ್ 16ರ ಮೊದಲ ಕಾರ್ಯಾಗಾರಕ್ಕೆ ಪ್ರಚಾರದ ಕ್ಯಾಪ್ಷನ್ ಬರೆದವನು ನಾನೇ, ಅದು ಕೆಟ್ಟದ್ದೂ ನನ್ನ ಕೈಯಿಂದಲೇ. ಜುಲೈ 20ರ ಎರಡನೆಯ ಕಾರ್ಯಾಗಾರಕ್ಕೆ ಮೊದಲು ಆ ಹಳೆಯ ಬರಹವನ್ನು ಸಾಲು ಸಾಲಾಗಿ ಬಿಚ್ಚಿ, ಯಾವುದು ಎಲ್ಲಿ ಕೈಕೊಟ್ಟಿತು ಎಂದು ನೋಡಿ, ಹೊಸದಾಗಿ ಕಟ್ಟಿದೆ. ಕಾರ್ಯಾಗಾರ ಮುಗಿದಿರುವುದರಿಂದ ಇಲ್ಲಿ ಕಾಲೇಜಿನ ಹೆಸರನ್ನು ಬಿಟ್ಟಿದ್ದೇನೆ, ಲಿಂಕ್ ಅನ್ನೂ ಬದಲಿಸಿದ್ದೇನೆ. ಉಳಿದದ್ದೆಲ್ಲ ಇದ್ದ ಹಾಗೆಯೇ ಇದೆ.

ಮಾರ್ಚ್ ತಿಂಗಳ ಕ್ಯಾಪ್ಷನ್ ಹೀಗಿತ್ತು:

"ಸುವರ್ಣಾವಕಾಶ!!! ನಮ್ಮ ಕಾಲೇಜಿನ ಎಲೆಕ್ಟ್ರಾನಿಕ್ಸ್ ವಿಭಾಗದ ವತಿಯಿಂದ ಆಸಕ್ತ ಸಾರ್ವಜನಿಕರಿಗಾಗಿ ಈ ಭಾನುವಾರ ಎಲ್‌ಇಡಿ ಬಲ್ಬ್ ದುರಸ್ತಿ ಕಾರ್ಯಾಗಾರವನ್ನು ಹಮ್ಮಿಕೊಳ್ಳಲಾಗಿದೆ. ಸೀಮಿತ ಸ್ಥಾನಗಳು ಮಾತ್ರ! ಇಂದೇ ನೋಂದಾಯಿಸಿ, ತಡಮಾಡಿದರೆ ಅವಕಾಶ ಕೈತಪ್ಪುತ್ತದೆ! ಸ್ಥಳ: ಕಾಲೇಜು ಆವರಣ. ಆಸಕ್ತರು https://example.org/bulbನಲ್ಲಿ ಅರ್ಜಿ ತುಂಬಿ."

ಮೇಲುನೋಟಕ್ಕೆ ಎಲ್ಲವೂ ಇದೆ: ದಿನ, ಸ್ಥಳ, ಲಿಂಕ್, ಅವಸರ. ಎರಡೇ ದಿನಗಳಲ್ಲಿ 20 ಸ್ಥಾನಗಳೂ ತುಂಬಿದವು, ನಾವು ಹಿಗ್ಗಿದೆವು. ಕಾರ್ಯಾಗಾರದ ದಿನ ಬಂದವರು 12 ಮಂದಿ. ಎಂಟು ಕುರ್ಚಿಗಳು ಖಾಲಿ ಉಳಿದವು, ಆದರೆ ಅದೇ ವಾರದಲ್ಲಿ ಸ್ಥಾನವಿಲ್ಲವೆಂದು ನಾನೇ ಹಲವರನ್ನು ಫೋನಿನಲ್ಲಿ ಹಿಂದಕ್ಕೆ ಕಳುಹಿಸಿದ್ದೆ. ಕಾರ್ಯಾಗಾರ ಮುಗಿದ ಮರುದಿನವೂ "ಈ ಭಾನುವಾರ ಇದೆಯಂತಲ್ಲ, ಯಾವ ಊರಿನಲ್ಲಿ?" ಎಂದು ಕೇಳುವ ಕರೆಗಳು ಬರುತ್ತಿದ್ದವು. ಊರಿನ ವೈರಿಂಗ್ ಕೆಲಸದವರೊಬ್ಬರು ಮಾತ್ರ ನೇರವಾಗಿ ಹೇಳಿದರು: "ಸೀಮಿತ ಅಂದ್ರೆ ಎಷ್ಟು ಸಾರ್? ಎಲ್ಲಾರೂ ಹಂಗೇ ಹಾಕ್ತಾರೆ. ಸುಮ್ನೆ ಹೆಸರು ಕೊಟ್ಟಿಟ್ಟಿದ್ದೆ, ಆಮೇಲೆ ನೋಡೋಣ ಅಂತ." ಇಡೀ ದೋಷ ಅವರ ಆ ಮಾತಿನಲ್ಲಿತ್ತು. ಕೈತಪ್ಪುತ್ತದೆ ಎಂಬ ಭಯಕ್ಕೆ ಹೆಸರು ಕೊಟ್ಟವರು ಬರುವ ನಿರ್ಧಾರವನ್ನು ಮಾಡಿಯೇ ಇರಲಿಲ್ಲ.

ಜೂನ್ 22ರ ಭಾನುವಾರ ದುರಸ್ತಿಗೆ ಕುಳಿತೆ. ಮೊದಲು ಕೈ ಹಾಕಿದ್ದು ಮೊದಲ ಸಾಲಿಗೆ. ಇನ್‌ಸ್ಟಾಗ್ರಾಮ್‌ನಲ್ಲಿ ಕ್ಯಾಪ್ಷನ್ 2,200 ಕ್ಯಾರೆಕ್ಟರುಗಳವರೆಗೆ ಇರಬಹುದು, ಆದರೆ ಓದುಗರಿಗೆ ಒತ್ತದೆ ಕಾಣುವುದು ಸುಮಾರು ಮೊದಲ 125 ಮಾತ್ರ, ಉಳಿದದ್ದು ಮಡಚಿಕೊಳ್ಳುತ್ತದೆ. ಇಲ್ಲಿ ಕನ್ನಡಕ್ಕೆ ಒಂದು ವಿಶೇಷ ತೊಡಕಿದೆ. ನಾವು ಅಕ್ಷರ ಎಂದು ಎಣಿಸುವುದೂ ಯಂತ್ರ ಎಣಿಸುವುದೂ ಒಂದಲ್ಲ. ವ್ಯಂಜನ, ಹಲಂತ, ಒತ್ತಕ್ಷರದ ಮೂಲ ವ್ಯಂಜನ, ಸ್ವರಚಿಹ್ನೆ ಎಲ್ಲವೂ ಯುನಿಕೋಡ್‌ನಲ್ಲಿ ಬೇರೆ ಬೇರೆ ಸಂಕೇತಗಳು. ಪೈಥಾನ್‌ನಲ್ಲಿ ಹೀಗೆ ಕೇಳಿ ನೋಡಿದೆ:

```
len("ಎಲೆಕ್ಟ್ರಾನಿಕ್ಸ್")
```

ಉತ್ತರ 15. ನಮ್ಮ ಕಣ್ಣಿಗೆ ಅಲ್ಲಿರುವುದು ಎ, ಲೆ, ಕ್ಟ್ರಾ, ನಿ, ಕ್ಸ್ ಎಂಬ ಐದೇ ಅಕ್ಷರಗಳು. ಹಳೆಯ ಕ್ಯಾಪ್ಷನ್ ಅನ್ನು ಇದೇ ರೀತಿ ಅಳೆದಾಗ 125ನೆಯ ಸಂಕೇತ "ಕಾರ್ಯಾಗಾರವನ್ನು" ಎಂಬ ಪದದ ಕೊನೆಯ ಅಕ್ಷರದೊಳಗೇ ಬಿದ್ದಿತು. ಫೋನಿನ ಪರದೆಗೆ ತಕ್ಕಂತೆ ಕತ್ತರಿಸುವ ಜಾಗ ತುಸು ಹಿಂದೆ ಮುಂದೆ ಆಗುತ್ತದೆ, ಆದರೂ ತಾತ್ಪರ್ಯ ಅದೇ. ಬೆರಳು ಸರಿಸುತ್ತಾ ಹೋಗುವವರಿಗೆ ಕಂಡದ್ದು ಸುವರ್ಣಾವಕಾಶ, ವಿಭಾಗ, ವತಿ ಮತ್ತು ಯಾವುದೋ ಒಂದು ಭಾನುವಾರ. ತಾರೀಖೂ ಊರೂ ಮಡಿಕೆಯೊಳಗೆ ಹೋಗುವ ಮಾತು ಹಾಗಿರಲಿ, ಬರಹದಲ್ಲೇ ಇರಲಿಲ್ಲ. ಆಹ್ವಾನ ಪತ್ರಿಕೆಯ ಅಭ್ಯಾಸದಿಂದ ಏರ್ಪಡಿಸುವವರ ಹೆಸರನ್ನು ಮೊದಲು ಬರೆಯುವ ರೂಢಿ ನಮ್ಮಲ್ಲಿದೆ. ಕ್ಯಾಪ್ಷನ್‌ನಲ್ಲಿ ಆ ಜಾಗವನ್ನು ಬಂದವರು ಏನು ಕಲಿತು ಹೋಗುತ್ತಾರೆ ಎಂಬುದಕ್ಕೆ ಕೊಡಬೇಕೆಂದು ನಿರ್ಧರಿಸಿದೆ. ಹೊಸ ಮೊದಲ ಸಾಲು ಹೀಗಾಯಿತು:

"ಕೆಟ್ಟ ಎಲ್‌ಇಡಿ ಬಲ್ಬ್ ಸರಿಪಡಿಸಲು ಕಲಿಯಿರಿ: 2025 ಜುಲೈ 20, ಭಾನುವಾರ, ಹಾಸನ. ನೋಂದಣಿ ಜುಲೈ 12ರವರೆಗೆ."

ಇದರಲ್ಲಿ 89 ಸಂಕೇತಗಳಿವೆ, ಮಡಿಕೆಗಿಂತ ಸಾಕಷ್ಟು ಮೊದಲೇ ಮುಗಿಯುತ್ತದೆ. ಈ ಸಾಲಿನಲ್ಲಿ ನಾನೊಂದು ತಪ್ಪು ಉಳಿಸಿಕೊಂಡಿದ್ದೆ. ಅದು ಜುಲೈ ತಿಂಗಳಲ್ಲಿ ಹೊರಬಿತ್ತು, ಮುಂದೆ ಹೇಳುತ್ತೇನೆ.

ತಾರೀಖಿನ ವಿಷಯದಲ್ಲಿ ಕೆಲಸ ಸರಳವಾಗಿತ್ತು. "ಈ ಭಾನುವಾರ", "ನಾಡಿದ್ದು", "ಬರುವ ವಾರ" ಎಂಬ ಪದಗಳಿಗೆ ಅರ್ಥ ಬರುವುದು ಓದುವ ದಿನದಿಂದ, ಬರೆದ ದಿನದಿಂದಲ್ಲ. ವಾಟ್ಸ್ಆ್ಯಪ್‌ನಲ್ಲಿ ಒಂದು ಸಂದೇಶ ಮೂರನೆಯ ಗುಂಪಿಗೆ ತಲುಪುವ ಹೊತ್ತಿಗೆ ಅದನ್ನು ಮೊದಲು ಯಾರು, ಎಂದು ಬರೆದರು ಎಂಬುದು ಓದುವವರಿಗೆ ಕಾಣುವುದಿಲ್ಲ. ಆದ್ದರಿಂದ ವರ್ಷ, ತಿಂಗಳು, ದಿನ, ವಾರ ನಾಲ್ಕನ್ನೂ ಬರೆದೆ. ತಿಂಗಳನ್ನು ಅಂಕಿಯಲ್ಲಿ ಬರೆಯಲಿಲ್ಲ, ಏಕೆಂದರೆ 07/12 ಎಂದರೆ ಜುಲೈ 12 ಎಂದೂ ಡಿಸೆಂಬರ್ 7 ಎಂದೂ ಓದಬಹುದು. ವಾರವನ್ನೂ ಬರೆಯುವುದರಿಂದ ಇನ್ನೊಂದು ಲಾಭವಿದೆ: ತಾರೀಖಿನಲ್ಲಿ ಬೆರಳಚ್ಚು ತಪ್ಪಾದರೆ ವಾರದೊಂದಿಗೆ ತಾಳೆಯಾಗುವುದಿಲ್ಲ, ಪ್ರಕಟಿಸುವ ಮೊದಲೇ ಸಿಕ್ಕಿಬೀಳುತ್ತದೆ. ಅದಕ್ಕಾಗಿ ಗೋಡೆಯ ಕ್ಯಾಲೆಂಡರ್ ನೋಡಿಯೇ ಮುಂದೆ ಹೋಗುವುದನ್ನು ಈಗ ನಿಯಮ ಮಾಡಿಕೊಂಡಿದ್ದೇನೆ.

ಸ್ಥಳಕ್ಕೆ ಕಟ್ಟಡ, ಮಹಡಿ, ಕೋಣೆ, ಊರು ಇಷ್ಟನ್ನೂ ಬರೆದು, ಭಾನುವಾರ ಮುಂಬಾಗಿಲು ಮುಚ್ಚಿರುವುದರಿಂದ ಹಿಂದಿನ ಗೇಟಿನಿಂದ ಬರಬೇಕೆಂಬ ಮಾತನ್ನು ಸೇರಿಸಿದೆ. ಮಾರ್ಚ್‌ನಲ್ಲಿ ಇಬ್ಬರು ಮುಂಬಾಗಿಲ ಬೀಗ ನೋಡಿ ಹಿಂದಿರುಗಿದ್ದರೆಂದು ಕಾವಲುಗಾರರು ಆಮೇಲೆ ಹೇಳಿದ್ದರು.

ಹೆಚ್ಚು ಹೊತ್ತು ಹಿಡಿದದ್ದು ಲಿಂಕ್. ಮಾರ್ಚ್‌ನಲ್ಲಿ "ಲಿಂಕ್ ತೆರೆಯುತ್ತಿಲ್ಲ" ಎಂದವರಿಗೆ ನೆಟ್‌ವರ್ಕ್ ಸಮಸ್ಯೆ ಇರಬಹುದೆಂದು ಉತ್ತರಿಸಿದ್ದೆ. ಈಗ ಆ ಹಳೆಯ ಸಂದೇಶವನ್ನು ನನ್ನ ಫೋನಿನಲ್ಲೇ ತೆರೆದು ನೋಡಿದಾಗ ಕಾರಣ ಕಣ್ಣಿಗೆ ಬಿತ್ತು. ನೀಲಿ ಗೆರೆ `bulb` ಎಂಬಲ್ಲಿಗೆ ನಿಂತಿರಲಿಲ್ಲ, "ನಲ್ಲಿ" ಎಂಬ ವಿಭಕ್ತಿ ಪ್ರತ್ಯಯವನ್ನೂ ಒಳಗೆ ಸೇರಿಸಿಕೊಂಡು ಪದದ ಕೊನೆಯವರೆಗೆ ಎಳೆದಿತ್ತು. ವೆಬ್ ವಿಳಾಸದಲ್ಲಿ ಯುನಿಕೋಡ್ ಅಕ್ಷರಗಳೂ ಇರಬಹುದಾದ್ದರಿಂದ ವಿಳಾಸ ಎಲ್ಲಿ ಮುಗಿಯಿತು, ಕನ್ನಡ ಎಲ್ಲಿ ಆರಂಭವಾಯಿತು ಎಂಬುದು ಆ್ಯಪ್‌ಗೆ ತಿಳಿಯುವುದಿಲ್ಲ. ಖಾಲಿ ಜಾಗ ಬಂದಾಗ ಮಾತ್ರ ಅದು ಖಚಿತವಾಗಿ ನಿಲ್ಲುತ್ತದೆ. ಹಾಗಾಗಿ ಒತ್ತಿದವರು ಇಲ್ಲದ ಪುಟಕ್ಕೆ ಹೋಗುತ್ತಿದ್ದರು. ನಾನು ಮಾತ್ರ ಪರೀಕ್ಷೆ ಮಾಡುವಾಗ ಲಿಂಕ್ ಅನ್ನು ಬ್ರೌಸರ್‌ನಿಂದ ತೆರೆದಿದ್ದೆ, ಸಂದೇಶದೊಳಗಿನಿಂದ ಅಲ್ಲ.

ಇಂಗ್ಲಿಷ್‌ನಲ್ಲಿ ಬರೆಯುವವರಿಗೆ ಈ ತೊಂದರೆ ಇಷ್ಟು ಸುಲಭವಾಗಿ ಬರುವುದಿಲ್ಲ, ಏಕೆಂದರೆ ಅಲ್ಲಿ ಪದಗಳ ನಡುವೆ ಖಾಲಿ ಜಾಗ ತಾನಾಗಿಯೇ ಬೀಳುತ್ತದೆ. ಕನ್ನಡದಲ್ಲಿ ಪ್ರತ್ಯಯ ನಾಮಪದಕ್ಕೆ ಅಂಟಿಯೇ ಬರುವುದು ಸಹಜ. ಪರಿಹಾರವೂ ಕನ್ನಡದ ವಾಕ್ಯರಚನೆಯಲ್ಲೇ ಇದೆ: ಪ್ರತ್ಯಯವನ್ನು ಲಿಂಕಿಗೆ ಹಚ್ಚದೆ ಅದಕ್ಕೆ ಮೊದಲು ಬರುವ ಪದಕ್ಕೆ ಹಚ್ಚಬೇಕು. "ನೋಂದಣಿಯನ್ನು ಈ ಲಿಂಕ್‌ನಲ್ಲಿ ಮಾಡಬಹುದು:" ಎಂದು ವಾಕ್ಯ ಮುಗಿಸಿ, ಲಿಂಕ್ ಅನ್ನು ಮುಂದಿನ ಸಾಲಿನಲ್ಲಿ ಒಂಟಿಯಾಗಿ ಇಟ್ಟೆ, ಅದರ ಹಿಂದೆ ಪೂರ್ಣವಿರಾಮವನ್ನೂ ಇಡಲಿಲ್ಲ. ಆಮೇಲೆ ಸಂದೇಶವನ್ನು ನನಗೇ ಕಳುಹಿಸಿಕೊಂಡು, ಅಲ್ಲಿಂದ ಮನೆಯವರ ಫೋನಿಗೆ ಫಾರ್ವರ್ಡ್ ಮಾಡಿ, ಆ ಫೋನಿನಲ್ಲಿ ಒತ್ತಿ ನೋಡಿದೆ. ಫಾರ್ಮ್ ತೆರೆಯಿತು.

ಇನ್‌ಸ್ಟಾಗ್ರಾಮ್‌ಗೆ ಇದು ಸಾಲದು. ಅಲ್ಲಿ ಕ್ಯಾಪ್ಷನ್‌ನಲ್ಲಿ ಬರೆದ ವಿಳಾಸ ಒತ್ತಿದರೆ ತೆರೆಯುವುದಿಲ್ಲ, ಬರಿಯ ಪಠ್ಯವಾಗಿ ಉಳಿಯುತ್ತದೆ. ಆದ್ದರಿಂದ ಅಲ್ಲಿನ ಪ್ರತಿಯಲ್ಲಿ "ನೋಂದಣಿ ಲಿಂಕ್ ನಮ್ಮ ಪ್ರೊಫೈಲ್ ಪುಟದಲ್ಲಿದೆ" ಎಂದು ಬರೆದು, ವಿಳಾಸವನ್ನು ಪ್ರೊಫೈಲ್‌ಗೆ ಹಾಕಿದೆವು. ಪೋಸ್ಟರ್ ಚಿತ್ರದಲ್ಲಿ ಕ್ಯುಆರ್ ಕೋಡ್ ಇರಲಿ ಎಂಬ ಸಲಹೆ ಬಂದಿತ್ತು. ಫೋನಿನಲ್ಲಿ ಪೋಸ್ಟರ್ ನೋಡುತ್ತಿರುವವರು ಅದೇ ಫೋನಿನ ಕ್ಯಾಮೆರಾವನ್ನು ಅದರ ಪರದೆಗೆ ಹಿಡಿಯಲಾರರು. ಆದ್ದರಿಂದ ಕೋಡ್ ಅನ್ನು ಸೂಚನಾ ಫಲಕಕ್ಕೆ ಅಂಟಿಸುವ ಮುದ್ರಿತ ಪ್ರತಿಗೆ ಮಾತ್ರ ಇಟ್ಟುಕೊಂಡೆವು.

ಇನ್ನು ಅವಸರದ ಮಾತು. ಹಳೆಯ ಕ್ಯಾಪ್ಷನ್‌ನಲ್ಲಿ ಅವಸರ ಇತ್ತು, ಕಾರಣ ಇರಲಿಲ್ಲ. ಆದರೆ ನಿಜವಾದ ಕಾರಣಗಳು ನಮ್ಮ ಪ್ರಯೋಗಾಲಯದಲ್ಲೇ ಇದ್ದವು, ಬರೆಯುವ ಯೋಚನೆ ನನಗೆ ಬಂದಿರಲಿಲ್ಲ. ನಮ್ಮಲ್ಲಿ ಹತ್ತು ಮೇಜುಗಳಿವೆ, ಪ್ರತಿ ಮೇಜಿಗೆ ಒಂದು ಸೋಲ್ಡರಿಂಗ್ ಐರನ್, ಒಂದು ಮಲ್ಟಿಮೀಟರ್. ಒಂದು ಮೇಜಿಗೆ ಇಬ್ಬರು ಕುಳಿತರೆ ಒಬ್ಬರು ಅಳೆಯುವಾಗ ಇನ್ನೊಬ್ಬರು ಬೆಸುಗೆ ಹಾಕಬಹುದು, ಮೂರನೆಯವರಿಗೆ ನೋಡುತ್ತಾ ನಿಲ್ಲುವ ಕೆಲಸ ಮಾತ್ರ ಉಳಿಯುತ್ತದೆ. ಹೀಗಾಗಿ 20. ಕೊನೆಯ ದಿನಕ್ಕೂ ಕಾರಣವಿದೆ. ಬಂದವರು ತಮ್ಮ ಮನೆಯ ಉರಿಯದ ಬಲ್ಬುಗಳನ್ನೇ ತರುತ್ತಾರೆ. ಅವುಗಳಿಗೆ ಬೇಕಾಗುವ ಎಲ್‌ಇಡಿ ಪ್ಲೇಟ್ ಮತ್ತು ಅದಕ್ಕೆ ತಕ್ಕ ವಿದ್ಯುತ್ ಒದಗಿಸುವ ಡ್ರೈವರ್ ಬಲ್ಬಿನ ವ್ಯಾಟ್‌ಗೆ ಹೊಂದಬೇಕು, 9 ವ್ಯಾಟಿನ ಡ್ರೈವರ್ ಅನ್ನು 15 ವ್ಯಾಟಿನ ಪ್ಲೇಟಿಗೆ ಜೋಡಿಸಿದರೆ ಕೆಲಸ ಸರಿಯಾಗುವುದಿಲ್ಲ. ಬಿಡಿಭಾಗಗಳನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಲು ನಾವು ಜುಲೈ 14ರ ಸೋಮವಾರ ಹೊರಡಬೇಕಿತ್ತು. ಅದಕ್ಕಾಗಿಯೇ ಫಾರ್ಮ್‌ನಲ್ಲಿ ವ್ಯಾಟ್ ಕೇಳುವುದು, ಅದಕ್ಕಾಗಿಯೇ 12ಕ್ಕೆ ಮುಚ್ಚುವುದು. ಈ ಎರಡು ಕಾರಣಗಳನ್ನು ಬರೆದ ಮೇಲೆ "ಇಂದೇ", "ತಡಮಾಡಿದರೆ", "ಮಾತ್ರ" ಎಂಬ ಪದಗಳನ್ನೂ ಉದ್ಗಾರ ಚಿಹ್ನೆಗಳನ್ನೂ ತೆಗೆದುಹಾಕಿದೆ. ಅವು ಹೇಳುತ್ತಿದ್ದುದನ್ನು ಕಾರಣಗಳು ತಾವೇ ಹೇಳುತ್ತಿದ್ದವು, ಜೊತೆಗೆ ಓದುವವರು ತಮ್ಮ ವಾರವನ್ನು ನೋಡಿಕೊಂಡು ನಿರ್ಧರಿಸುವುದಕ್ಕೆ ಆಧಾರವನ್ನೂ ಕೊಡುತ್ತಿದ್ದವು.

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಗ್ರಾಹಕರನ್ನು ದಾರಿತಪ್ಪಿಸುವ 13 ಬಗೆಯ ರಚನೆಗಳ ಪಟ್ಟಿ ಇದೆ. ಅವುಗಳಲ್ಲಿ ಸುಳ್ಳು ತುರ್ತು ಒಂದು. ಅದು ವ್ಯಾಪಾರದ ವೇದಿಕೆಗಳನ್ನೂ ಜಾಹೀರಾತುದಾರರನ್ನೂ ಉದ್ದೇಶಿಸಿದ್ದು, ಅರ್ಧ ದಿನದ ನಮ್ಮ ಕಾರ್ಯಾಗಾರವನ್ನಲ್ಲ. ಆದರೂ ಅಲ್ಲಿನ ಅಳತೆಗೋಲು ನನಗೆ ಉಪಯೋಗಕ್ಕೆ ಬಂತು: ಹೇಳಿದ ಕೊರತೆ ನಿಜವೇ, ಅಲ್ಲವೇ? ನಮ್ಮ ಕೊರತೆ ನಿಜವಾಗಿತ್ತು, ಆದರೆ ಹೇಳಿದ ರೀತಿ ಸುಳ್ಳಿನ ರೀತಿಯೇ ಆಗಿತ್ತು. ಅದಕ್ಕೇ ವೈರಿಂಗ್ ಕೆಲಸದವರು ನಂಬಲಿಲ್ಲ.

"ಈಗ 6 ಸ್ಥಾನಗಳು ಉಳಿದಿವೆ" ಎಂದು ಕ್ಯಾಪ್ಷನ್‌ನಲ್ಲಿ ಬರೆಯಬೇಕೇ ಎಂಬ ಚರ್ಚೆ ವಿಭಾಗದಲ್ಲಿ ನಡೆಯಿತು. ಬರೆದ ಗಂಟೆಯಲ್ಲಿ ಅದು ನಿಜ, ಮರುದಿನ ಸುಳ್ಳು. ವಾಟ್ಸ್ಆ್ಯಪ್ ಸಂದೇಶವನ್ನು ತಿದ್ದಲು ಇರುವ ಅವಧಿ 15 ನಿಮಿಷ, ಫಾರ್ವರ್ಡ್ ಆಗಿ ಹೋದ ಪ್ರತಿಗಳು ನಮ್ಮ ಕೈಗೆ ಸಿಗುವುದೇ ಇಲ್ಲ. ಆದ್ದರಿಂದ ಬದಲಾಗದ ಸಂಗತಿಗಳನ್ನು ಮಾತ್ರ ಕ್ಯಾಪ್ಷನ್‌ನಲ್ಲಿಟ್ಟು, ಬದಲಾಗುವುದನ್ನು ಲಿಂಕ್‌ನ ಹಿಂದೆ, ಫಾರ್ಮ್‌ನ ವಿವರಣೆಯ ಜಾಗದಲ್ಲಿ ಇಟ್ಟೆವು. ಗೂಗಲ್ ಫಾರ್ಮ್‌ಗೆ ಸ್ಥಾನಗಳ ಮಿತಿ ಹಾಕುವ ಸೌಲಭ್ಯ ತಾನಾಗಿ ಬರುವುದಿಲ್ಲ, ಹಾಗಾಗಿ ಫಾರ್ಮ್‌ಗೆ ಸಣ್ಣ ಪ್ರೋಗ್ರಾಂ ಜೋಡಿಸಲು ಗೂಗಲ್ ಕೊಡುವ Apps Script ನಲ್ಲಿ ಈ ಕೆಲವು ಸಾಲು ಬರೆದು, Triggers ಪುಟದಲ್ಲಿ On form submit ಆಯ್ಕೆಗೆ ಜೋಡಿಸಿದೆ:

```
const SEATS = 20;
function updateSeats() {
  const form = FormApp.getActiveForm();
  const left = SEATS - form.getResponses().length;
  form.setDescription('ಉಳಿದ ಸ್ಥಾನ: ' + Math.max(left, 0));
  if (left <= 0) {
    form.setCustomClosedFormMessage(
      'ಸ್ಥಾನಗಳು ತುಂಬಿವೆ. ಕಾಯುವ ಪಟ್ಟಿ: https://example.org/patti');
    form.setAcceptingResponses(false);
  }
}
```

ಇದಕ್ಕೆ ಎರಡು ಮಿತಿಗಳಿವೆ. ವಿವರಣೆಯ ಜಾಗದಲ್ಲಿ ಮೊದಲೇ ಬರೆದದ್ದೆಲ್ಲವನ್ನೂ ಇದು ಅಳಿಸಿ ಬರೆಯುತ್ತದೆ, ಆದ್ದರಿಂದ ಉಳಿದ ಸೂಚನೆಗಳನ್ನು ಮೊದಲ ಪ್ರಶ್ನೆಯ ಕೆಳಗೆ ಸರಿಸಬೇಕಾಯಿತು. ಒಬ್ಬರೇ ಎರಡು ಸಲ ತುಂಬಿದರೆ ಇದು ಎರಡೆಂದೇ ಎಣಿಸುತ್ತದೆ. ಒಬ್ಬರಿಗೆ ಒಂದೇ ಉತ್ತರ ಎಂಬ ನಿಯಮ ಹಾಕಿದರೆ ಗೂಗಲ್ ಖಾತೆಗೆ ಲಾಗಿನ್ ಆಗಲೇಬೇಕಾಗುತ್ತದೆ. ಪಾಸ್‌ವರ್ಡ್ ನೆನಪಿಲ್ಲದ ಹಿರಿಯರು ಅಲ್ಲೇ ನಿಂತುಬಿಡುತ್ತಾರೆ ಎಂದು ಅದನ್ನು ಬಿಟ್ಟು, ದಿನಕ್ಕೊಮ್ಮೆ ಪಟ್ಟಿಯನ್ನು ಕಣ್ಣಿನಿಂದಲೇ ನೋಡಿ ಮರುಕಳಿಸಿದ ಹೆಸರನ್ನು ಅಳಿಸಿದೆವು. ಫಾರ್ಮ್‌ನ ತಲೆಬರಹವನ್ನೂ "Untitled form" ಎಂದು ಬಿಡದೆ ಕಾರ್ಯಾಗಾರದ ಹೆಸರು ಮತ್ತು ತಾರೀಖು ಬರೆದೆ, ಏಕೆಂದರೆ ವಾಟ್ಸ್ಆ್ಯಪ್‌ನಲ್ಲಿ ಲಿಂಕ್‌ನ ಮೇಲೆ ಮೂಡುವ ಚಿಕ್ಕ ಪೆಟ್ಟಿಗೆಯಲ್ಲಿ ಕಾಣುವುದು ಆ ತಲೆಬರಹವೇ.

ಇನ್ನೊಂದು ಸಾಲಿನ ಬಗ್ಗೆ ನಮ್ಮ ಹಿರಿಯ ಬೋಧಕರಿಗೆ ಒಪ್ಪಿಗೆ ಇರಲಿಲ್ಲ. ಸೆಪ್ಟೆಂಬರ್‌ನಲ್ಲಿ ಮತ್ತೊಮ್ಮೆ ನಡೆಸುವುದೆಂದು ತೀರ್ಮಾನವಾಗಿತ್ತು, ಅದನ್ನೂ ಬರೆಯೋಣ ಎಂದೆ. "ಮತ್ತೆ ಇದೆ ಅಂತ ಹೇಳಿಬಿಟ್ಟರೆ ಈಗ ಯಾರು ಬರ್ತಾರಪ್ಪ?" ಎಂದರು. ತೀರ್ಮಾನವಾಗಿರುವ ಸಂಗತಿಯನ್ನು ಬಚ್ಚಿಟ್ಟು ಜನರನ್ನು ಅವಸರಪಡಿಸಿದರೆ ಮಾರ್ಚ್‌ನ ಖಾಲಿ ಕುರ್ಚಿಗಳೇ ಮತ್ತೆ ಬರುತ್ತವೆ ಎಂಬುದು ನನ್ನ ವಾದವಾಗಿತ್ತು. ಅವರು ಒಲ್ಲದ ಮನಸ್ಸಿನಿಂದ ಒಪ್ಪಿದರು. ಜೂನ್ 25ರಂದು ಪ್ರಕಟಿಸಿದ ಕ್ಯಾಪ್ಷನ್ ಇದು:

"ಕೆಟ್ಟ ಎಲ್‌ಇಡಿ ಬಲ್ಬ್ ಸರಿಪಡಿಸಲು ಕಲಿಯಿರಿ: 2025 ಜುಲೈ 20, ಭಾನುವಾರ, ಹಾಸನ. ನೋಂದಣಿ ಜುಲೈ 12ರವರೆಗೆ.

ಮನೆಯಲ್ಲಿ ಉರಿಯದೆ ಬಿದ್ದಿರುವ ಎರಡು ಬಲ್ಬುಗಳನ್ನು ತನ್ನಿ. ದೋಷ ಪ್ಲೇಟಿನಲ್ಲಿದೆಯೋ ಡ್ರೈವರ್‌ನಲ್ಲಿದೆಯೋ ಎಂದು ಮಲ್ಟಿಮೀಟರ್‌ನಿಂದ ಕಂಡುಹಿಡಿದು, ಬೆಸುಗೆ ಹಾಕಿ, ಉರಿಸಿಕೊಂಡು ಹೋಗಬಹುದು. ಮೊದಲ ಅನುಭವ ಬೇಕಿಲ್ಲ.

ಸಮಯ: ಬೆಳಿಗ್ಗೆ 9.30ರಿಂದ ಮಧ್ಯಾಹ್ನ 1.30. ಸ್ಥಳ: ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯ, ಮೊದಲ ಮಹಡಿ, (ಕಾಲೇಜಿನ ಹೆಸರು), ಹಾಸನ. ಭಾನುವಾರವಾದ್ದರಿಂದ ಹಿಂದಿನ ಗೇಟಿನಿಂದ ಬನ್ನಿ. ಬಿಡಿಭಾಗಗಳ ಖರ್ಚು 150 ರೂಪಾಯಿ, ಅಂದೇ ಕೊಡಬಹುದು.

ಹತ್ತು ಮೇಜುಗಳಿಗೆ ಇಬ್ಬರಂತೆ 20 ಸ್ಥಾನಗಳಿವೆ. ನಿಮ್ಮ ಬಲ್ಬಿಗೆ ಹೊಂದುವ ಬಿಡಿಭಾಗಗಳನ್ನು ಜುಲೈ 14ರಂದು ಬೆಂಗಳೂರಿನಿಂದ ತರುವುದರಿಂದ ಹೆಸರುಗಳು 12ರೊಳಗೆ ಬೇಕಾಗುತ್ತವೆ. ಈ ಸಲ ಅನುಕೂಲವಾಗದಿದ್ದರೆ ಸೆಪ್ಟೆಂಬರ್‌ನಲ್ಲಿ ಮತ್ತೊಂದು ಕಾರ್ಯಾಗಾರವಿದೆ. ಹೆಸರು ಕೊಟ್ಟ ಮೇಲೆ ಬರಲಾಗದಿದ್ದರೆ ತಿಳಿಸಿ, ಕಾಯುತ್ತಿರುವವರಿಗೆ ಸ್ಥಾನ ಸಿಗುತ್ತದೆ.

ನೋಂದಣಿಯನ್ನು ಈ ಲಿಂಕ್‌ನಲ್ಲಿ ಮಾಡಬಹುದು, ಉಳಿದ ಸ್ಥಾನಗಳ ಸಂಖ್ಯೆಯೂ ಅಲ್ಲಿ ಕಾಣುತ್ತದೆ:
https://example.org/bulb2"

ಸ್ಥಾನಗಳು ಈ ಸಲ ನಿಧಾನವಾಗಿ ತುಂಬಿದವು. ಜುಲೈ 9ರ ಸಂಜೆ ಇಪ್ಪತ್ತನೆಯ ಹೆಸರು ಬಂದು ಫಾರ್ಮ್ ಮುಚ್ಚಿಕೊಂಡಿತು. ಮರುದಿನವೇ ಒಬ್ಬರು ಫೋನ್ ಮಾಡಿ, 12ರವರೆಗೆ ಎಂದು ನೀವೇ ಬರೆದಿದ್ದೀರಲ್ಲ ಎಂದು ಕೇಳಿದರು. ಅವರ ಮಾತು ಸರಿಯಾಗಿತ್ತು. 20 ಎಂಬ ಸಂಖ್ಯೆ ಇದ್ದದ್ದು ಕೆಳಗಿನ ಭಾಗದಲ್ಲಿ, ಅವರಿಗೆ ಕಂಡದ್ದು ಮೊದಲ ಸಾಲು. ಮೇಲೆ ಹೇಳಿದ ತಪ್ಪು ಇದೇ: ಮಿತಿಗಳು ಎರಡಿದ್ದಾಗ ಒಂದನ್ನು ಮಾತ್ರ ಮೇಲೆ ಬರೆದರೆ ಅದು ಭರವಸೆಯಾಗಿಬಿಡುತ್ತದೆ. ಮೊದಲ ಸಾಲಿನ ಕೊನೆಯನ್ನು "20 ಸ್ಥಾನ, ನೋಂದಣಿ ಜುಲೈ 12ರವರೆಗೆ" ಎಂದು ಇನ್‌ಸ್ಟಾಗ್ರಾಮ್‌ನಲ್ಲಿ ತಿದ್ದಿದೆ. ಸಾಲು 99 ಸಂಕೇತಗಳಿಗೆ ಬೆಳೆಯಿತು, ಆದರೂ ಮಡಿಕೆಯ ಈಚೆಗೇ ಉಳಿಯಿತು. ವಾಟ್ಸ್ಆ್ಯಪ್‌ನ ಪ್ರತಿಗಳನ್ನು ತಿದ್ದಲಾಗಲಿಲ್ಲ.

ಜುಲೈ 18ರಂದು ಎಲ್ಲರಿಗೂ ಒಂದು ನೆನಪಿನ ಸಂದೇಶ ಕಳುಹಿಸಿದಾಗ ಇಬ್ಬರು ಬರಲಾಗುವುದಿಲ್ಲವೆಂದು ತಿಳಿಸಿದರು, ಕಾಯುವ ಪಟ್ಟಿಯಿಂದ ಇಬ್ಬರನ್ನು ಕರೆದೆವು. ಅವರ ಬಲ್ಬುಗಳೂ 9 ವ್ಯಾಟಿನವೇ ಆಗಿದ್ದರಿಂದ ಬಿಡಿಭಾಗಗಳು ಹೊಂದಿದವು. ಕಾರ್ಯಾಗಾರದ ದಿನ 18 ಮಂದಿ ಬಂದರು. ಇದರಲ್ಲಿ ಕ್ಯಾಪ್ಷನ್‌ನ ಪಾಲೆಷ್ಟು, ನೆನಪಿನ ಸಂದೇಶದ ಪಾಲೆಷ್ಟು ಎಂದು ಒಂದೇ ಸಲದ ಅನುಭವದಿಂದ ಬೇರ್ಪಡಿಸಲಾಗದು. ಮಾರ್ಚ್‌ನಲ್ಲಿ ಅಂಥ ಸಂದೇಶವನ್ನೇ ಕಳುಹಿಸಿರಲಿಲ್ಲ.

ಆಗಸ್ಟ್ ಮಧ್ಯದಲ್ಲಿ ಅರಸೀಕೆರೆಯಿಂದ ಒಬ್ಬರು ಕರೆ ಮಾಡಿದರು. ಅದೇ ಕ್ಯಾಪ್ಷನ್ ಅವರಿಗೆ ಆಗಷ್ಟೇ ಯಾವುದೋ ಗುಂಪಿನಿಂದ ಬಂದಿತ್ತು. ಈ ಸಲ ಅವರು ಯಾವ ಭಾನುವಾರ, ಯಾವ ಊರು ಎಂದು ಕೇಳಲಿಲ್ಲ. ತಾರೀಖು ನೋಡಿ ಕಾರ್ಯಾಗಾರ ಮುಗಿದಿದೆ ಎಂದು ತಿಳಿದುಕೊಂಡಿದ್ದರು, ಲಿಂಕ್ ಒತ್ತಿ ಕಾಯುವ ಪಟ್ಟಿಗೆ ಹೆಸರನ್ನೂ ಸೇರಿಸಿದ್ದರು. ಕರೆ ಮಾಡಿದ್ದು ಬೇರೊಂದು ವಿಷಯಕ್ಕೆ: ಅವರ ಬಳಿ ಇದ್ದದ್ದು ಬಲ್ಬ್ ಅಲ್ಲ, 20 ವ್ಯಾಟಿನ ಟ್ಯೂಬ್‌ಲೈಟ್, ಅದನ್ನು ತರಬಹುದೇ ಎಂದು ಕೇಳಿದರು. ಸೆಪ್ಟೆಂಬರ್‌ನ ಕ್ಯಾಪ್ಷನ್‌ನಲ್ಲಿ ಯಾವ ಬಗೆಯ ದೀಪಗಳನ್ನು ತರಬಹುದು ಎಂಬ ಒಂದು ಸಾಲನ್ನು ಸೇರಿಸಿಕೊಂಡಿದ್ದೇನೆ.